ನೂರು ಬಾವಿ, ಮೂವತ್ತು ಸಾವಿರ ರೂಪಾಯಿ, ಹನ್ನೆರಡು ತಿಂಗಳು

ಪ್ರಶ್ನೆ: ಧಾರವಾಡದಾಗ ಪರಿಸರ ವಿಜ್ಞಾನ ಎಂ.ಎಸ್ಸಿ. ಎರಡನೇ ವರ್ಷ ಓದಾಕತ್ತೇನ್ರಿ. ಮುಂಡರಗಿ ತಾಲೂಕಿನ ಬೋರ್‌ವೆಲ್ ನೀರಿನ ಫ್ಲೋರೈಡ್ ಮ್ಯಾಲೆ ವರ್ಷದ ಪ್ರಾಜೆಕ್ಟ್. ಸೆಪ್ಟೆಂಬರ್ 1ಕ್ಕ ಶುರು, ಆಗಸ್ಟ್ ಕೊನೀಗೆ ಪ್ರಬಂಧ ಕೊಡಬೇಕು. ನೂರು ಬಾವಿ, ಮಳಿಗಾಲದ ಮುಂಚೆ ಒಮ್ಮೆ, ಆಮ್ಯಾಲೆ ಒಮ್ಮೆ ಅಂತ ಗೈಡ್ ಸರ್ ಹೇಳ್ಯಾರ. ವಿಭಾಗದಿಂದ 15,000 ರೂಪಾಯಿ, ಮನ್ಯಾಗಿಂದ 15,000. ಮೂರು ತಿಂಗಳು ಓದು, ಮೂರು ತಿಂಗಳು ಸ್ಯಾಂಪಲ್, ಮೂರು ತಿಂಗಳು ಲ್ಯಾಬ್, ಮೂರು ತಿಂಗಳು ಬರಿಯೂದು ಅಂತ ಚಾರ್ಟ್ ಮಾಡೇನಿ. ನಮ್ಮ ಸೀನಿಯರ್ ಒಬ್ರಿಗೆ ಇಂಥದ್ದ ಕೆಲಸಕ್ಕ ಒಂದು ವರ್ಷ ಹೆಚ್ಚಿಗಿ ಹಿಡೀತು. ನಂದು ಆಗತೈತೇನ್ರಿ?

ಉತ್ತರ: ಕೆಲಸ ಆಗುತ್ತದೆ, ಆದರೆ ಈ ಚಾರ್ಟಿನಿಂದ ಆಗುವುದಿಲ್ಲ. ಹಣದ ಮಾತು ಆಮೇಲೆ ನೋಡೋಣ, ಮೊದಲ ತೊಡಕು ತಾರೀಖಿನದು. ನಿಮ್ಮ ಲೆಕ್ಕದಂತೆ ಮಾದರಿ ತೆಗೆಯುವುದು ಡಿಸೆಂಬರ್‌ನಿಂದ ಫೆಬ್ರುವರಿವರೆಗೆ. ಆ ಮೂರು ತಿಂಗಳಲ್ಲಿ ಎರಡು ಋತು ಸಿಗುವುದೇ ಇಲ್ಲ. ಮಳೆಗಾಲದ ನಂತರದ ನೀರು ಅರ್ಧ ಸಿಕ್ಕೀತು, ಬೇಸಿಗೆಯ ನೀರಿಗೆ ಕೈ ತಲುಪುವುದಿಲ್ಲ. ಹನ್ನೆರಡು ತಿಂಗಳನ್ನು ಮೂರರಂತೆ ನಾಲ್ಕು ಪಾಲು ಮಾಡುವ ರೂಢಿ ಲ್ಯಾಬಿನಲ್ಲೇ ಮುಗಿಯುವ ಕೆಲಸಕ್ಕೆ ಹೇಗೋ ನಡೆದೀತು. ನಿಮ್ಮ ಕೆಲಸದ ದಿನ ಗೊತ್ತು ಮಾಡುವುದು ಮಳೆ.

ಆದ್ದರಿಂದ ನಿಮ್ಮ ಕೈಯಲ್ಲಿ ಇಲ್ಲದ ತಾರೀಖುಗಳನ್ನು ಮೊದಲು ಬರೆದುಕೊಳ್ಳಿ. ಗದಗ ಸೀಮೆಯಲ್ಲಿ ಸೆಪ್ಟೆಂಬರ್, ಅಕ್ಟೋಬರ್ ಒಳ್ಳೆಯ ಮಳೆಯ ತಿಂಗಳು. ವಿಶಾಖ ಮಳೆ ಮುಗಿಯುವುದು ನವೆಂಬರ್ 19ರ ಸುಮಾರಿಗೆ. ಅದಾದ ಮೇಲೆ, ನವೆಂಬರ್ ಕೊನೆಯ ವಾರದಿಂದ ಡಿಸೆಂಬರ್ 10ರ ತನಕ ಮಳೆಗಾಲದ ನಂತರದ ಮಾದರಿಗೆ ಸರಿಯಾದ ಕಾಲ. ಬೇಸಿಗೆಯ ಮಾದರಿಗೆ ಏಪ್ರಿಲ್ ಎರಡನೇ ಪಕ್ಷ. ಅಶ್ವಿನಿ, ಭರಣಿಯ ಒಂದೆರಡು ಅಡ್ಡಮಳೆ ಬಿದ್ದರೂ ಆಳದ ಕೊಳವೆಬಾವಿಯ ನೀರು ರಾತ್ರೋರಾತ್ರಿ ಬದಲಾಗದು. ಹಾಗಾಗಿ ಮೇ ಮಧ್ಯದವರೆಗೆ ಎಳೆದಾಡಲು ಜಾಗ ಇದೆ. ಕೊನೆಯ ಕಂಬ ಆಗಸ್ಟ್ ಅಂತ್ಯ. ಉಳಿದ ಕೆಲಸವನ್ನೆಲ್ಲ ಈ ಮೂರು ಕಂಬಗಳ ನಡುವೆ ತೂರಿಸಬೇಕು. ಸೆಮಿಸ್ಟರ್ ಪರೀಕ್ಷೆಯ ತಾರೀಖು ಬಂದ ದಿನವೇ ಅದನ್ನೂ ಅದೇ ಹಾಳೆಯಲ್ಲಿ ಹಾಕಿ.

"ಮುಂಗಾರು ಪೂರ್ವ" ಎನ್ನುವುದು ಪುಸ್ತಕದಲ್ಲಿ ಮೊದಲು ಬರುತ್ತದೆ ಎಂದು ಮಾದರಿಯೂ ಅದರಿಂದಲೇ ಶುರುವಾಗಬೇಕು ಎಂದುಕೊಳ್ಳುವವರಿದ್ದಾರೆ. ಹಾಗೇನಿಲ್ಲ. ನಿಮ್ಮ ವರ್ಷ ಸೆಪ್ಟೆಂಬರ್‌ನಲ್ಲಿ ಹುಟ್ಟಿದೆ, ನಿಮಗೆ ಮೊದಲು ಸಿಗುವುದು ಮಳೆಗಾಲದ ನಂತರದ ನೀರು. ಅದನ್ನು ನವೆಂಬರ್‌ನಲ್ಲಿ ಬಿಟ್ಟರೆ ಮತ್ತೆ ಸಿಗುವುದು ಮುಂದಿನ ನವೆಂಬರ್‌ಗೆ. "ಒಂದು ವರ್ಷ ಹೆಚ್ಚಿಗಿ" ಎನ್ನುವುದು ಹೆಚ್ಚಾಗಿ ಹೀಗೇ ಆಗುತ್ತದೆ: ಓದು ಮುಗಿಯಲಿ ಎಂದು ಕಾಯುತ್ತ ಕಿಟಕಿ ಮುಚ್ಚಿಹೋಗುತ್ತದೆ. ಸೆಪ್ಟೆಂಬರ್‌ನಲ್ಲಿ ನಿಮಗೆ ಬೇಕಾದ ಓದು ಹತ್ತು-ಹನ್ನೆರಡು ಲೇಖನದಷ್ಟು, ಅದೂ ವಿಧಾನ ಮತ್ತು ಬಾವಿ ಆಯ್ಕೆಗಾಗಿ. ಉಳಿದದ್ದನ್ನು ಜನವರಿ, ಮಾರ್ಚ್‌ನ ಬಿಡುವಿನಲ್ಲಿ ಓದಿ.

ಇನ್ನು ನೂರು ಬಾವಿ. ದಿನಕ್ಕೆ ಎಷ್ಟು ಬಾವಿ ಮುಗಿಯುತ್ತದೆ ಎನ್ನುವುದರ ಮೇಲೆ ಇಡೀ ಬಜೆಟ್ ನಿಂತಿದೆ. ಪಂಪು ಚಾಲೂ ಮಾಡಿಸಿ, ಐದರಿಂದ ಹತ್ತು ನಿಮಿಷ ನೀರು ಬಿಟ್ಟು, ವಿದ್ಯುತ್‌ವಾಹಕತೆ ಮತ್ತು ಉಷ್ಣತೆಯ ಅಂಕಿ ಒಂದೇ ಕಡೆ ನಿಂತ ಮೇಲೆ ಬಾಟಲಿ ತುಂಬಿಸಿ, ಪಿ.ಎಚ್. ನೋಡಿ, ಜಿ.ಪಿ.ಎಸ್. ಗುರುತು ಹಾಕಿ ಮುಂದಿನ ಊರಿಗೆ ಹೋಗುವುದಕ್ಕೆ ಒಂದು ತಾಸು ಹಿಡಿಯಿರಿ. ದಿನಕ್ಕೆ ಎಂಟು ಆದರೆ ಚೆನ್ನಾಗಿ ಆದಂತೆ. ಹೊಲದ ಪಂಪುಗಳಿಗೆ ತ್ರೀ ಫೇಸ್ ಕರೆಂಟ್ ಎಷ್ಟೋ ಕಡೆ ರಾತ್ರಿ ಬರುತ್ತದೆ, ಅಲ್ಲಿ ಹಗಲು ಹೋದರೆ ಕೈ ಬೀಸಿಕೊಂಡು ಬರಬೇಕು. ಊರಿನ ಕುಡಿಯುವ ನೀರಿನ ಬಾವಿಯಾದರೆ ಪಂಚಾಯ್ತಿಯ ವಾಟರ್‌ಮನ್ ಇರುತ್ತಾರೆ, ಅವರು ನೀರು ಬಿಡುವ ಹೊತ್ತು ಗೊತ್ತಿದ್ದರೆ ಎಂಟು, ಗೊತ್ತಿಲ್ಲದಿದ್ದರೆ ನಾಲ್ಕು. ಹೀಗಾಗಿ ಅಕ್ಟೋಬರ್‌ನಲ್ಲಿ ಎರಡು ದಿನ ಬಾಟಲಿ ಇಲ್ಲದೆ ಬರಿಗೈಲಿ ತಿರುಗಿ ಬನ್ನಿ. ವಿಭಾಗದ ಪತ್ರವನ್ನು ಪಿ.ಡಿ.ಒ. ಅವರಿಗೆ ತೋರಿಸಿ, ವಾಟರ್‌ಮನ್ನರ ಫೋನ್ ನಂಬರ್ ಮತ್ತು ನೀರು ಬಿಡುವ ವೇಳೆ ಬರೆದುಕೊಳ್ಳಿ. "ಹ್ವಾದ ಬ್ಯಾಸಿಗ್ಯಾಗ ಈ ಬೋರು ನೀರು ಕೊಟ್ಟಿತ್ತೇನ್ರಿ?" ಎಂದು ಪ್ರತಿ ಬಾವಿಯ ಹತ್ತಿರ ಕೇಳಿ. ಕೊಟ್ಟಿಲ್ಲವೆಂದರೆ ಆ ಬಾವಿ ಬಿಡಿ. ನವೆಂಬರ್‌ನಲ್ಲಿ ಮಾತ್ರ ನೀರಿರುವ ಬಾವಿಯಿಂದ ಎರಡು ಋತುವಿನ ಹೋಲಿಕೆ ಬರುವುದಿಲ್ಲ. ಹೀಗೆ ಆರಿಸಿದಾಗ ಆಳದ ಬಾವಿಗಳ ಕಡೆಗೆ ನಿಮ್ಮ ಪಟ್ಟಿ ವಾಲುತ್ತದೆ ಎಂಬುದನ್ನು ಪ್ರಬಂಧದಲ್ಲಿ ಒಂದು ಸಾಲು ಬರೆದರೆ ಸಾಕು, ಪರೀಕ್ಷಕರು ಒಪ್ಪುತ್ತಾರೆ.

ಇದೇ ಸುತ್ತಿನಲ್ಲಿ ಇನ್ನೊಂದು ಬಲೆ ಕಣ್ಣಿಗೆ ಬೀಳುತ್ತದೆ. ಆ ಭಾಗದ ಎಷ್ಟೋ ಊರಿಗೆ ಈಗ ನದಿ ನೀರೂ ಬರುತ್ತದೆ, ಶುದ್ಧ ಕುಡಿಯುವ ನೀರಿನ ಘಟಕವೂ ಇದೆ. ಓವರ್‌ಹೆಡ್ ಟ್ಯಾಂಕಿನ ನಲ್ಲಿಯಿಂದ ಬಾಟಲಿ ತುಂಬಿಸಿಕೊಂಡರೆ ನೀವು ಅಳೆಯುವುದು ಬೆರಕೆ ನೀರನ್ನು. ಮಾದರಿ ಬಾವಿಯ ಬಾಯಿಂದಲೇ ಬರಬೇಕು. ಅಲ್ಲಿ ನಲ್ಲಿ ಇಲ್ಲದಿದ್ದರೆ ಆ ಬಾವಿಯೂ ಪಟ್ಟಿಯಿಂದ ಹೊರಗೆ.

ಈಗ ದುಡ್ಡಿನ ಲೆಕ್ಕ. ಕೆಳಗಿನ ದರಗಳು ಲೆಕ್ಕಕ್ಕೆ ಹಿಡಿದವು, ನಿಮ್ಮ ಕೊಟೇಶನ್ ಬಂದಾಗ ಅದನ್ನು ಹಾಕಿ. ಧಾರವಾಡದಿಂದ ಗದಗ ಸುಮಾರು 80 ಕಿ.ಮೀ., ಅಲ್ಲಿಂದ ಮುಂಡರಗಿ ಇನ್ನೂ 40ರ ಹತ್ತಿರ. ದಿನಾ ಹೋಗಿಬಂದರೆ ಅರ್ಧ ದಿನ ರಸ್ತೆಯಲ್ಲೇ ಹೋಗುತ್ತದೆ, ಅಲ್ಲೇ ಉಳಿಯಬೇಕು. ಇಬ್ಬರಿಗೆ ಪೆಟ್ರೋಲು, ರೂಮು, ಊಟ ಸೇರಿ ದಿನಕ್ಕೆ 900 ರೂಪಾಯಿ ಇಟ್ಟುಕೊಳ್ಳೋಣ. ನೂರು ಬಾವಿಗೆ ಒಂದು ಋತುವಿಗೆ 13 ದಿನ, ಓಡಾಟಕ್ಕೆ ಒಂದು, ಹೀಗೆ 14. ಎರಡು ಋತುವಿಗೆ 28. ಮೊದಲ ಸುತ್ತಾಟಕ್ಕೆ ಐದು, ಕೆಟ್ಟ ಮಾದರಿ ಮತ್ತೆ ತರಲು ನಾಲ್ಕು. ಒಟ್ಟು 37 ದಿನ, 33,300 ರೂಪಾಯಿ. ಒಂದು ಬಾಟಲಿ ಕೊಳ್ಳುವ ಮೊದಲೇ ಹಣ ಮುಗಿಯಿತು.

ನಲವತ್ತು ಬಾವಿಗೂ ಇದೇ ಲೆಕ್ಕ ಹಾಕಿದರೆ ಅಡಚಣೆಗೆಂದು ಕೈಯಲ್ಲಿ ಹೆಚ್ಚೇನೂ ಉಳಿಯುವುದಿಲ್ಲ. ಮೂವತ್ತೆರಡಕ್ಕೆ ಬನ್ನಿ. ಋತುವಿಗೆ ನಾಲ್ಕು ದಿನ ಮಾದರಿ, ಒಂದು ದಿನ ಓಡಾಟ, ಎರಡು ಋತುವಿಗೆ ಹತ್ತು. ಮೊದಲ ಸುತ್ತಾಟ ಎರಡು, ಮರುಭೇಟಿ ಎರಡು. ಹದಿನಾಲ್ಕು ದಿನಕ್ಕೆ 12,600. ಒಂದು ಲೀಟರಿನ ಪ್ಲಾಸ್ಟಿಕ್ ಬಾಟಲಿ ಮತ್ತು ಆಸಿಡ್ ಹಾಕಿಡಲು 100 ಮಿ.ಲೀ. ಬಾಟಲಿ, ಜೋಡಿಗೆ 85 ರೂಪಾಯಿಯಂತೆ 36 ಜೋಡಿಗೆ 3,060. ಇವನ್ನೇ ತೊಳೆದು ಎರಡನೇ ಋತುವಿಗೂ ಬಳಸಿ. ರಾಸಾಯನಿಕ 5,500. ಹೊರಗಿನ ಮಾನ್ಯತೆ ಪಡೆದ ಲ್ಯಾಬಿಗೆ ಆರು ಮಾದರಿಯ ಫ್ಲೋರೈಡ್ ತಾಳೆಗೆ ಕಳಿಸಲು 1,800. ಮುದ್ರಣ, ಬೈಂಡಿಂಗ್ 2,500. ಒಟ್ಟು 25,460. ಉಳಿಯುವ 4,540 ನಿಮ್ಮ ಒಟ್ಟು ಹಣದ ಶೇಕಡಾ 15ರಷ್ಟು. ಅದನ್ನು ಮೇ ಕಳೆಯುವವರೆಗೆ ಮುಟ್ಟಬೇಡಿ.

ನೋಡಿ, ಅರ್ಧದಷ್ಟು ಹಣ ತಿನ್ನುತ್ತಿರುವುದು ರಸ್ತೆ. ವಿದ್ಯಾರ್ಥಿಗಳು ಬಜೆಟ್ ಹಾಕುವಾಗ ರಾಸಾಯನಿಕದ ಪಟ್ಟಿಯನ್ನೇ ಉದ್ದ ಮಾಡಿ ಪ್ರಯಾಣಕ್ಕೆ ಒಂದು ಸಾಲು ಬರೆಯುತ್ತಾರೆ, ಆಗುವುದು ಅದರ ಉಲ್ಟಾ. ರಾಸಾಯನಿಕದಲ್ಲಿ ಉಳಿತಾಯಕ್ಕೆ ಜಾಗವೂ ಇದೆ. ಫ್ಲೋರೈಡ್ ಎಲೆಕ್ಟ್ರೋಡಿಗೆ ಬೇಕಾದ ಟಿಸಾಬ್ ದ್ರಾವಣವನ್ನು ತಯಾರಾದದ್ದು ಕೊಳ್ಳಬೇಕಿಲ್ಲ. 57 ಮಿ.ಲೀ. ಗ್ಲೇಶಿಯಲ್ ಅಸಿಟಿಕ್ ಆಸಿಡ್, 58 ಗ್ರಾಂ ಉಪ್ಪು, 4 ಗ್ರಾಂ ಸಿ.ಡಿ.ಟಿ.ಎ., ಸೋಡಿಯಂ ಹೈಡ್ರಾಕ್ಸೈಡ್ ಹಾಕಿ ಪಿ.ಎಚ್. 5.3ರಿಂದ 5.5ಕ್ಕೆ ತಂದು ಒಂದು ಲೀಟರ್ ಮಾಡಿದರೆ ಆಯಿತು. ಉಪ್ಪೆಂದರೆ ಲ್ಯಾಬಿನ ಶುದ್ಧ ಸೋಡಿಯಂ ಕ್ಲೋರೈಡ್, ಅಡುಗೆಯದಲ್ಲ. ಮಾದರಿಗೆ ಸಮಪಾಲು, ಅಂದರೆ 25 ಮಿ.ಲೀ. ನೀರಿಗೆ 25 ಮಿ.ಲೀ. ಬೇಕು, ಲೀಟರಿಗೆ ನಲವತ್ತು ಓದು. ಕ್ಲೋರೈಡಿಗೆ ಬೇಕಾದ ಸಿಲ್ವರ್ ನೈಟ್ರೇಟ್ ಈ ಪಟ್ಟಿಯಲ್ಲಿ ದುಬಾರಿ, ಲೆಕ್ಕ ಹಾಕದೆ 25 ಗ್ರಾಂ ತರಿಸುತ್ತಾರೆ. ಒಂದು ಲೀಟರ್ 0.0141 ನಾರ್ಮಲ್ ದ್ರಾವಣಕ್ಕೆ 2.395 ಗ್ರಾಂ. ಲೀಟರಿಗೆ 300 ಮಿ.ಗ್ರಾಂ ಕ್ಲೋರೈಡ್ ಇರುವ 20 ಮಿ.ಲೀ. ನೀರಿಗೆ 12 ಮಿ.ಲೀ. ಖರ್ಚು. ನೂರು ಓದಿಗೆ, ಪ್ರತಿಯೊಂದೂ ಎರಡೆರಡು ಸಲ ಮಾಡಿದರೂ 2.4 ಲೀಟರ್, ಆರು ಗ್ರಾಂ ಒಳಗೆ. ಹತ್ತು ಗ್ರಾಂ ತಂದರೆ ಸಾಕು, ವಿಭಾಗದಲ್ಲಿ ಇದ್ದರೆ ಅದೂ ಬೇಡ.

ಉಳಿಸಬಾರದ ಜಾಗ ಹೊರಗಿನ ತಾಳೆ ಮತ್ತು ಮರುಭೇಟಿ. ಅಂಕಿ ತಪ್ಪಿದ್ದು ಗೊತ್ತಾದಾಗ ಮತ್ತೆ ಹೋಗಲು ಹಣ ಇಲ್ಲವೆಂದರೆ, ತಪ್ಪು ಅಂಕಿಯ ಮೇಲೆಯೇ ಪ್ರಬಂಧ ಬರೆಯುವ ಆಸೆ ಹುಟ್ಟುತ್ತದೆ.

ಮೈಲಿಗಲ್ಲು ಎಂದರೆ "ಡಿಸೆಂಬರ್: ವಿಶ್ಲೇಷಣೆ" ಎಂದು ಬರೆಯುವುದಲ್ಲ. ಆ ದಿನ ಒಂದು ಅಂಕಿ ನೋಡಿ ಮುಂದೆ ಹೋಗಬಹುದೋ ಇಲ್ಲವೋ ಎಂದು ತೀರ್ಮಾನಿಸುವಂತಿರಬೇಕು. ನಿಮಗೆ ಅಂಥ ನಾಲ್ಕು ಸಾಕು, ಮೊದಲೆರಡು ಮುಖ್ಯ.

ಮೊದಲನೆಯದು ಅಕ್ಟೋಬರ್ 31. ಅಂದಿಗೆ ವಿಭಾಗದ ಎಲೆಕ್ಟ್ರೋಡ್ ಕೆಲಸ ಮಾಡುತ್ತದೆ ಎಂದು ಸಾಬೀತಾಗಿರಬೇಕು. ಲೀಟರಿಗೆ 1 ಮತ್ತು 10 ಮಿ.ಗ್ರಾಂ ಇರುವ ಎರಡು ದ್ರಾವಣದ ನಡುವೆ ಮಿಲಿವೋಲ್ಟ್ ವ್ಯತ್ಯಾಸ 54ರಿಂದ 60ರೊಳಗೆ ಬರಬೇಕು. 45 ಬಂದರೆ ಎಲೆಕ್ಟ್ರೋಡಿನ ಹರಳು ಮಾಸಿದೆ, ಇಲ್ಲವೇ ಒಳಗಿನ ದ್ರಾವಣ ಹಳಸಿದೆ. ಆಮೇಲೆ 1 ಮಿ.ಗ್ರಾಂ ದ್ರಾವಣವನ್ನು ಐದು ಸಲ ಅಳೆಯಿರಿ, ಐದೂ 0.9 ಮತ್ತು 1.1ರ ನಡುವೆ ಇರಲಿ. ಈ ಪರೀಕ್ಷೆಗೆ ಅರ್ಧ ದಿನ ಹಿಡಿಯುತ್ತದೆ. ನಪಾಸಾದರೆ ಮಾದರಿಗೆ ಮುಂಚೆ ನಿಮಗೆ ಇನ್ನೂ ಮೂರು ವಾರ ಇದೆ: ಎಲೆಕ್ಟ್ರೋಡ್ ಬೇರೆ ವಿಭಾಗದಿಂದ ಕೇಳಿ ತರಬಹುದು, ಅಥವಾ ಸ್ಪ್ಯಾಡ್ನ್ಸ್ ಬಣ್ಣದ ವಿಧಾನಕ್ಕೆ ಹೋಗಬಹುದು. ಎರಡನೆಯದು ಅಗ್ಗ, ಆದರೆ ಅದರ ಅಳತೆ 1.4 ಮಿ.ಗ್ರಾಂವರೆಗೆ ಮಾತ್ರ. ಅದಕ್ಕಿಂತ ಮೇಲಿನ ನೀರನ್ನು ತೆಳು ಮಾಡಿ ಅಳೆಯಬೇಕು, ಕ್ಷಾರತೆ ಹೆಚ್ಚಿದ್ದರೆ ಓದು ಕೆಡುತ್ತದೆ. ನೀವು ಹೋಗುತ್ತಿರುವುದು ಎರಡೂ ಹೆಚ್ಚಿರುವ ನೀರಿನ ಕಡೆಗೆ. ಸುಣ್ಣ ಕಡಿಮೆಯಾಗಿ ಸೋಡಿಯಂ ಬೈಕಾರ್ಬೊನೇಟ್ ಹೆಚ್ಚಿದ ಕಡೆಯೇ ಕಲ್ಲಿನ ಫ್ಲೋರೈಡ್ ನೀರಿಗಿಳಿಯುವುದು.

ಎರಡನೆಯದು ಡಿಸೆಂಬರ್ 31. ಮೊದಲ ಋತುವಿನ ಪ್ರತಿ ಮಾದರಿಯ ಧನ ಮತ್ತು ಋಣ ಅಯಾನುಗಳ ಮೊತ್ತವನ್ನು ಮಿಲಿ ಇಕ್ವಿವಲೆಂಟ್‌ನಲ್ಲಿ ಹಾಕಿ ತೂಗಿ ನೋಡಿರಬೇಕು. ನೀರಿನಲ್ಲಿ ಎರಡೂ ಸಮವೇ ಇರುತ್ತವೆ, ಸಮ ಬರದಿದ್ದರೆ ತಪ್ಪು ನಿಮ್ಮದು. ಧನದ ಮೊತ್ತ L ಕಾಲಮ್ಮಿನಲ್ಲಿ, ಋಣದ್ದು M ಕಾಲಮ್ಮಿನಲ್ಲಿ ಇದ್ದರೆ:

```
=100*(L2-M2)/(L2+M2)
```

ಮೈನಸ್ ಗುರುತು ಬಿಟ್ಟು ನೋಡಿದಾಗ ಉತ್ತರ 5ರೊಳಗೆ ಇದ್ದರೆ ಸೈ, 10 ದಾಟಿದರೆ ಆ ಮಾದರಿ ಬೇಡ, ನಡುವೆ ಇದ್ದರೆ ಕಾರಣ ಹುಡುಕಿ. ಒಂದು ಬಾವಿಯ ಲೆಕ್ಕ ಹೀಗೆಂದುಕೊಳ್ಳಿ: ಕ್ಯಾಲ್ಸಿಯಂ 2.0, ಮೆಗ್ನೀಸಿಯಂ 3.0, ಸೋಡಿಯಂ 8.0, ಪೊಟ್ಯಾಸಿಯಂ 0.1, ಒಟ್ಟು 13.1. ಆಚೆ ಬೈಕಾರ್ಬೊನೇಟ್ 7.0, ಕ್ಲೋರೈಡ್ 4.0, ಸಲ್ಫೇಟ್ 1.0, ನೈಟ್ರೇಟ್ 0.5, ಫ್ಲೋರೈಡ್ 0.2, ಒಟ್ಟು 12.7. ವ್ಯತ್ಯಾಸ ಶೇಕಡಾ 1.6, ಸರಿಯಾಗಿದೆ. ಅದೇ ಬಾಟಲಿ ಹದಿನೈದು ದಿನ ಬೆಂಚಿನ ಮೇಲೆ ಕುಳಿತು ಬೈಕಾರ್ಬೊನೇಟ್ 5.5ಕ್ಕೆ ಇಳಿದಿದ್ದರೆ ಋಣದ ಮೊತ್ತ 11.2, ವ್ಯತ್ಯಾಸ 7.8. ಎಲ್ಲ ಮಾದರಿಯಲ್ಲೂ ಹೀಗೆ ಒಂದೇ ದಿಕ್ಕಿಗೆ ಧನದ ಕಡೆ ವಾಲಿದರೆ ಮೊದಲು ಸಂಶಯ ಪಡಬೇಕಾದ್ದು ತಡವಾದ ಕ್ಷಾರತೆ ಪರೀಕ್ಷೆಯ ಮೇಲೆ. ಒಂದೇ ಮಾದರಿಯಲ್ಲಿ ವಾಲಿದರೆ ಟೈಟ್ರೇಶನ್ ತಪ್ಪೋ, ಲೇಬಲ್ ಅದಲುಬದಲೋ ನೋಡಿ. ಫ್ಲೋರೈಡ್ ಪಾಲು ಇಲ್ಲಿ 0.2 ಮಾತ್ರ ಎಂಬುದನ್ನೂ ಗಮನಿಸಿ. ಅದು ದುಪ್ಪಟ್ಟು ತಪ್ಪಿದರೂ ಈ ತಕ್ಕಡಿ ಅಲುಗುವುದಿಲ್ಲ. ಅದಕ್ಕೇ ಹೊರಗಿನ ಲ್ಯಾಬಿನ ತಾಳೆ ಬೇರೆ ಬೇಕು.

ಈ ಕಾರಣಕ್ಕೆ ನಾಲ್ಕು ದಿನ ಒಟ್ಟಿಗೆ ತಿರುಗಬೇಡಿ. ಎರಡು ದಿನ ಹದಿನಾರು ಬಾವಿ, ವಾಪಸ್ ಬಂದು ಲ್ಯಾಬ್, ಮುಂದಿನ ವಾರ ಇನ್ನೆರಡು ದಿನ. ಬಂದ ದಿನವೇ ಕ್ಷಾರತೆ, 48 ತಾಸಿನೊಳಗೆ ನೈಟ್ರೇಟ್, ಅಲ್ಲಿಯ ತನಕ ಮಾದರಿ ಐಸ್ ಪೆಟ್ಟಿಗೆಯಲ್ಲಿ. ಮೊದಲ ದಿನದ ಬಾಟಲಿಗಳಿಗೆ ಈ ಗಡುವು ಬಿಗಿ, ಅವನ್ನೇ ಮೊದಲು ಎತ್ತಿಕೊಳ್ಳಿ. ಫ್ಲೋರೈಡ್ ಪ್ಲಾಸ್ಟಿಕ್ ಬಾಟಲಿಯಲ್ಲಿ 28 ದಿನ ಕೆಡದೆ ಇರುತ್ತದೆ, ಗಾಜಿನಲ್ಲಿ ಇಡಬೇಡಿ. ನೈಟ್ರಿಕ್ ಆಸಿಡ್ ಹಾಕಿದ ಸಣ್ಣ ಬಾಟಲಿಯ ಕ್ಯಾಲ್ಸಿಯಂ, ಸೋಡಿಯಂ ತಿಂಗಳುಗಟ್ಟಲೆ ಕಾಯುತ್ತವೆ. ಹೆಸರಿಗೆ ಫ್ಲೋರೈಡ್ ಪ್ರಾಜೆಕ್ಟ್ ಎಂದು ಮೊದಲು ಫ್ಲೋರೈಡ್ ಅಳೆದು, ಕಾಯದ ಕ್ಷಾರತೆಯನ್ನು ಕೊನೆಗಿಡುವುದು ಎಲ್ಲರೂ ಮಾಡುವ ತಪ್ಪು.

ಡಿಸೆಂಬರ್ ಕೊನೆಗೇ ಈ ತೂಗಾಟ ಏಕೆಂದರೆ, ಜನವರಿ ಮೊದಲ ವಾರ ಮರುಭೇಟಿಗೆ ಹೋದರೆ ಆ ನೀರು ಇನ್ನೂ ಸುಮಾರಾಗಿ ಅದೇ ಋತುವಿನದು. ಇದೇ ತಪ್ಪು ಜುಲೈನಲ್ಲಿ ಗೊತ್ತಾದರೆ ಮಾಡಲು ಏನೂ ಉಳಿದಿರುವುದಿಲ್ಲ.

ಮೂರನೆಯದು ಫೆಬ್ರುವರಿ 28: ಅಧ್ಯಯನ ಪ್ರದೇಶ, ವಿಧಾನ, ಮೊದಲ ಋತುವಿನ ಫಲಿತಾಂಶ, ಈ ಮೂರು ಅಧ್ಯಾಯ ಗೈಡ್ ಮೇಜಿನ ಮೇಲೆ. ನಾಲ್ಕನೆಯದು ಮೇ 31: ಎರಡನೇ ಋತುವಿನ ಅಂಕಿ ಬಂದ್, ಅದಾದ ಮೇಲೆ ಹೊಸ ಮಾದರಿ ಇಲ್ಲ. ಜೂನ್ ಕೊನೆಗೆ ಪೂರ್ತಿ ಕರಡು ಕೊಡಿ. ಗೈಡ್ ಓದಿ ತಿದ್ದಿ ಕೊಡಲು ಮೂರು ವಾರ ಬಿಡಿ, ಅವರಿಗೆ ನೀವೊಬ್ಬರೇ ವಿದ್ಯಾರ್ಥಿ ಅಲ್ಲ.

ಏಪ್ರಿಲ್‌ನಲ್ಲಿ ಮೂವತ್ತೆರಡರಲ್ಲಿ ಐದಾರು ಬಾವಿ ಬತ್ತಿದ್ದರೆ ಗಾಬರಿ ಬೇಡ. ಪಕ್ಕದ ಬೇರೆ ಬಾವಿಯ ನೀರು ತಂದು ಅದೇ ನಂಬರ್ ಕೊಡಬೇಡಿ, ಅದು ಬೇರೆ ಆಳ, ಬೇರೆ ಬಿರುಕು. "ಬತ್ತಿದೆ" ಎಂದು ದಾಖಲಿಸಿ, ಎರಡೂ ಋತುವಿನಲ್ಲಿ ಸಿಕ್ಕ 26-27 ಬಾವಿಗಳನ್ನಷ್ಟೇ ಜೋಡಿಯಾಗಿ ಹೋಲಿಸಿ.

ಬೇರೆ ದಾರಿಗಳೂ ಇವೆ. ಏಪ್ರಿಲ್‌ನಲ್ಲೇ ಪರೀಕ್ಷೆ ಬಿದ್ದು ಮೇ ಕೂಡ ಸಿಗದೆ ಹೋದರೆ, ಒಂದೇ ಋತು, 64 ಬಾವಿ ಮಾಡಿ. ಕುಡಿಯುವ ನೀರಿನ ಭಾರತೀಯ ಮಾನಕ ಲೀಟರಿಗೆ 1.0 ಮಿ.ಗ್ರಾಂ, ಬೇರೆ ಮೂಲವಿಲ್ಲದಾಗ 1.5. ಅದನ್ನು ದಾಟಿದ ಊರುಗಳ ನಕ್ಷೆ ಇದರಲ್ಲಿ ಹೆಚ್ಚು ಚೆನ್ನಾಗಿ ಬರುತ್ತದೆ, ಓಡಾಟದ ದಿನ ಹೆಚ್ಚು ಕಡಿಮೆ ಅಷ್ಟೇ. ಋತುಮಾನದ ಬಗ್ಗೆ ಮಾತ್ರ ಒಂದು ಮಾತೂ ಆಡುವಂತಿಲ್ಲ, ಶೀರ್ಷಿಕೆ ಮೊದಲೇ ಬದಲಿಸಿ. ಹನ್ನೆರಡು ಬಾವಿ, ಪ್ರತಿ ತಿಂಗಳು ಎನ್ನುವುದು ಕೇಳಲು ಚೆಂದ, ಆದರೆ ತಿಂಗಳಿಗೆ ಎರಡು ದಿನದಂತೆ 24 ದಿನ, 21,600 ರೂಪಾಯಿ ರಸ್ತೆಗೇ. ಒಂದು ತಿಂಗಳು ಜ್ವರ ಬಂದರೆ ಸರಣಿ ತುಂಡಾಗುತ್ತದೆ. ನಿಮಗೆ ಅದನ್ನು ಹೇಳಲಾರೆ. ಹಣ ಸಾಲದಾಗ ಬಾವಿ ಕಡಿಮೆ ಮಾಡಿ, ಅಯಾನು ಕಡಿಮೆ ಮಾಡಬೇಡಿ. ಸಲ್ಫೇಟ್ ಬಿಟ್ಟರೂ ಮೇಲಿನ ತಕ್ಕಡಿ ಮುರಿದಂತೆ.

ಇನ್ನು ಹಣ ಕೈಗೆ ಬರುವ ಹೊತ್ತು. ವಿಭಾಗದ 15,000 ಬಿಲ್ ಕೊಟ್ಟ ಮೇಲೆ ಬರುವುದಾದರೆ ನಿಮ್ಮ ಜೇಬು ಡಿಸೆಂಬರ್‌ಗೇ ಖಾಲಿ: ಬಾಟಲಿ 3,060, ರಾಸಾಯನಿಕ 5,500, ಮೊದಲ ಸುತ್ತಾಟ 1,800, ಮೊದಲ ಋತು 4,500, ಕೂಡಿ 14,860. ಜನವರಿಯ ಮರುಭೇಟಿಗೆ 140 ರೂಪಾಯಿ ಉಳಿಯುತ್ತದೆ. ಆದ್ದರಿಂದ ಬಾಟಲಿ ಮತ್ತು ರಾಸಾಯನಿಕವನ್ನು ವಿಭಾಗದ ಹೆಸರಲ್ಲೇ ಖರೀದಿಗೆ ಹಾಕಿ, ಓಡಾಟವನ್ನು ನಿಮ್ಮ ಹಣದಿಂದ ಮಾಡಿ. ಕೊಟೇಶನ್, ಮಂಜೂರಾತಿ, ಸರಬರಾಜು ಸೇರಿ ವಾರಗಟ್ಟಲೆ ಹಿಡಿಯುವುದರಿಂದ ಸೆಪ್ಟೆಂಬರ್ ಎರಡನೇ ವಾರಕ್ಕೇ ಪಟ್ಟಿ ಕೊಡಿ. ದರಕ್ಕೆ ಜಿ.ಎಸ್.ಟಿ. ಸೇರಿದೆಯೋ ಇಲ್ಲವೋ ಕೇಳಿ. ಮಂಜೂರಾತಿ ಆದೇಶಕ್ಕಿಂತ ಮುಂಚಿನ ತಾರೀಖಿನ ಬಿಲ್ಲನ್ನು ಕಚೇರಿ ವಾಪಸ್ ಕೊಟ್ಟೀತು. ಖಾನಾವಳಿ ಊಟಕ್ಕೆ ಬಿಲ್ ಸಿಗುವುದು ಕಷ್ಟ, ಅದು ನಿಮ್ಮ ಪಾಲಿನಲ್ಲೇ ಇರಲಿ.

ಗೈಡ್ ಹತ್ತಿರ "ನೂರು ಆಗೂದಿಲ್ರಿ ಸರ್" ಎಂದು ಹೋಗಬೇಡಿ. 37 ದಿನ, 33,300 ರೂಪಾಯಿ ಒಂದು ಕಾಲಮ್ಮಿನಲ್ಲಿ, 14 ದಿನ, 12,600 ಇನ್ನೊಂದರಲ್ಲಿ ಬರೆದು ಒಂದೇ ಹಾಳೆ ಮುಂದಿಡಿ. "ನೂರು ಬೇಕಂದ್ರ ಒಂದ ಋತು ಮಾಡಿ, ಹಣಾನೂ ಸ್ವಲ್ಪ ಹೆಚ್ಚಿಗಿ ಕೊಡಿಸಬೇಕಾಗತೈತ್ರಿ, ಎರಡೂ ಋತು ಬೇಕಂದ್ರ 32, ಯಾವುದು ಮಾಡ್ಲಿ ಸರ್?" ಎಂದು ಕೇಳಿ. ಅವರು ಆರಿಸಿದ್ದನ್ನು ಅದೇ ಹಾಳೆಯ ಮೇಲೆ ಬರೆಸಿ, ತಾರೀಖು ಹಾಕಿಸಿಕೊಳ್ಳಿ. ಇದಿಷ್ಟು ಸೆಪ್ಟೆಂಬರ್ ಮೊದಲ ವಾರದ ಕೆಲಸ.